ಎಣ್ಣೆ, ಹಾಳೆತಟ್ಟೆ ಮತ್ತು ಇಬ್ಬರು ಮುಖ್ಯಸ್ಥರು: ಸಂಘಟನೆಯ ರಚನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ತರಗತಿಯಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡುವಾಗ ಸಂಘಟನೆಯ ರಚನೆ ಎಂಬ ಅಧ್ಯಾಯದಲ್ಲಿ ಪ್ರತಿವರ್ಷವೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೆಲವನ್ನು ವಿದ್ಯಾರ್ಥಿಗಳು ಕೇಳಿದರು, ಕೆಲವನ್ನು ಕೆಲಸಕ್ಕೆ ಸೇರಿದ ಹಳೆಯ ವಿದ್ಯಾರ್ಥಿಗಳು ಪತ್ರದಲ್ಲಿ ಬರೆದರು, ಒಂದೆರಡು ಪ್ರಶ್ನೆಗಳು ಸ್ವಂತ ಘಟಕ ನಡೆಸುವ ಹೆತ್ತವರಿಂದ ಬಂದವು.

ಉತ್ತರಗಳಿಗೆಲ್ಲ ಒಂದೇ ಉದಾಹರಣೆಯನ್ನು ಬಳಸಿದ್ದೇನೆ. ಬದಿಯಡ್ಕದ ಆಸುಪಾಸಿನಲ್ಲಿ 60 ಜನ ದುಡಿಯುವ ಒಂದು ಸಂಸ್ಥೆ ಇದೆ ಎಂದುಕೊಳ್ಳಿ. ಅಲ್ಲಿ 15 ಜನ ಕೊಬ್ಬರಿ ಎಣ್ಣೆಯ ಕೆಲಸದಲ್ಲಿದ್ದಾರೆ, 45 ಜನ ಅಡಿಕೆ ಹಾಳೆಯಿಂದ ತಟ್ಟೆ ಒತ್ತುತ್ತಾರೆ. ಇದು ಪಾಠಕ್ಕಾಗಿ ನಾನೇ ಕಟ್ಟಿಕೊಂಡ ಸಂಸ್ಥೆ, ಅಂಕಿಗಳೂ ಲೆಕ್ಕಕ್ಕಾಗಿ ಇಟ್ಟುಕೊಂಡವು. ಆದರೆ ಅದರ ತೊಂದರೆಗಳು ಈ ಊರಿನಲ್ಲಿ ಘಟಕ ನಡೆಸುವ ಯಾರಿಗೂ ಹೊಸತಲ್ಲ.

## ಆರಂಭದ ಪ್ರಶ್ನೆಗಳು

"ಸರ್, ಲೆಕ್ಕಪತ್ರ ವಿಭಾಗ, ಮಾರಾಟ ವಿಭಾಗ ಎಂದು ಎಲ್ಲ ಕಡೆಯೂ ಇರುತ್ತದೆ. ಹಾಗಾದರೆ ಎಲ್ಲವೂ ವಿಭಾಗೀಯ ರಚನೆಯೇ ಅಲ್ಲವೇ?"

ಅಲ್ಲ. ಈ ಗೊಂದಲಕ್ಕೆ ಕಾರಣ ನಮ್ಮ ಪದವೇ. ಕನ್ನಡದಲ್ಲಿ ಒಂದೇ ಬಗೆಯ ಕೆಲಸ ಮಾಡುವವರ ಗುಂಪನ್ನೂ ವಿಭಾಗ ಎನ್ನುತ್ತೇವೆ, ಒಂದು ಸರಕಿನ ಪೂರ್ತಿ ವ್ಯವಹಾರ ನೋಡಿಕೊಳ್ಳುವ ಗುಂಪನ್ನೂ ವಿಭಾಗ ಎನ್ನುತ್ತೇವೆ. ಪರೀಕ್ಷೆಯಲ್ಲಿ ಬಹಳ ಮಕ್ಕಳು ಎಡವುವುದು ಇಲ್ಲಿಯೇ.

ಬಿಡಿಸಿಕೊಳ್ಳಲು ಒಂದು ದಾರಿಯಿದೆ. ಆ ಗುಂಪಿನ ಮುಖ್ಯಸ್ಥರನ್ನು "ನಷ್ಟವಾದರೆ ಯಾವ ಸರಕಿನ ನಷ್ಟಕ್ಕೆ ನೀವು ಉತ್ತರ ಕೊಡಬೇಕು?" ಎಂದು ಕೇಳಿ. ಲೆಕ್ಕಪತ್ರದ ಮುಖ್ಯಸ್ಥರಿಗೆ ಉತ್ತರವಿರುವುದಿಲ್ಲ. ಅವರು ಎಣ್ಣೆಗೂ ಲೆಕ್ಕ ಬರೆಯುತ್ತಾರೆ, ತಟ್ಟೆಗೂ ಬರೆಯುತ್ತಾರೆ. "ಹಾಳೆತಟ್ಟೆಯ ನಷ್ಟಕ್ಕೆ" ಎಂದು ಥಟ್ಟನೆ ಹೇಳುವವರು ಸಿಕ್ಕರೆ ಅದು ವಿಭಾಗೀಯ ರಚನೆ. ಈ ಪುಟದಲ್ಲಿ ಮೊದಲನೆಯ ಬಗೆಯ ಗುಂಪಿಗೆ ಇಲಾಖೆ ಎಂದೂ ಎರಡನೆಯದಕ್ಕೆ ಮಾತ್ರ ವಿಭಾಗ ಎಂದೂ ಬರೆದಿದ್ದೇನೆ. ಇಲಾಖೆಗಳಿಂದ ಕಟ್ಟಿದ ಸಂಸ್ಥೆಯದು ಕಾರ್ಯಾತ್ಮಕ ರಚನೆ.

"ಕಾರ್ಯಾತ್ಮಕ ರಚನೆಯಿಂದಲೇ ಎಲ್ಲರೂ ಶುರು ಮಾಡುವುದು ಯಾಕೆ?"

ಒಂದೇ ಕಸುಬಿನವರು ಒಟ್ಟಿಗಿದ್ದರೆ ಕಸುಬು ಬೆಳೆಯುತ್ತದೆ, ಖರ್ಚೂ ಕಡಿಮೆಯಾಗುತ್ತದೆ. ನಮ್ಮ ಸಂಸ್ಥೆಯಲ್ಲಿ ಖರೀದಿ, ಉತ್ಪಾದನೆ, ಮಾರಾಟ, ಲೆಕ್ಕಪತ್ರ ಎಂಬ ನಾಲ್ಕು ಇಲಾಖೆಗಳಿವೆ ಎನ್ನೋಣ. ಖರೀದಿಯವರು ಮೂವರೇ ಇದ್ದರೂ ಸಾಕು. ಅವರು ದಿನವೂ ತೋಟಗಳಿಗೆ ಹೋಗುವವರು, ಕೊಬ್ಬರಿಯ ಹೋಳನ್ನು ಮುರಿದು ನೋಡಿ ಒಣಗಿದೆಯೋ ಇಲ್ಲವೋ ಎಂದು ಹೇಳಬಲ್ಲವರು. ಹೊಸದಾಗಿ ಸೇರಿದ ಹುಡುಗ ಅವರ ಜೊತೆ ನಾಲ್ಕು ತಿಂಗಳು ತಿರುಗಿದರೆ ಆ ವಿದ್ಯೆ ಅವನಿಗೂ ಬರುತ್ತದೆ. ಯಂತ್ರ ರಿಪೇರಿಯವನು ಒಬ್ಬ, ಗಣಕದ ಮುಂದೆ ಕೂರುವವನು ಒಬ್ಬ. ಯಾರೂ ಸುಮ್ಮನೆ ಕುಳಿತಿರುವುದಿಲ್ಲ.

ಒಂದೇ ಸರಕು, ಒಂದೇ ಮಾರುಕಟ್ಟೆ ಇರುವ ತನಕ ಇದಕ್ಕಿಂತ ಒಳ್ಳೆಯ ರಚನೆ ನನಗೆ ಗೊತ್ತಿಲ್ಲ. ಇಲಾಖೆಗಳ ನಡುವಿನ ಜಗಳಗಳೆಲ್ಲ ಯಜಮಾನರ ಮೇಜಿಗೆ ಬರುತ್ತವೆ, ನಿಜ. ಆದರೆ ಒಂದೇ ಸರಕಾದರೆ ಅವು ವಾರಕ್ಕೆ ಎರಡು ಮೂರು ಇರುತ್ತವೆ, ಅಷ್ಟನ್ನು ಅವರು ನಿಭಾಯಿಸಬಲ್ಲರು.

"ಪ್ರತಿ ಇಲಾಖೆಯೂ ತನ್ನ ಕೆಲಸ ಚೆನ್ನಾಗಿ ಮಾಡಿದರೆ ಸಂಸ್ಥೆಗೆ ನಷ್ಟ ಹೇಗೆ ಆಗುತ್ತದೆ?"

ಈ ಅಧ್ಯಾಯದ ತಿರುಳು ಈ ಪ್ರಶ್ನೆಯಲ್ಲಿದೆ, ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ.

ಖರೀದಿ ಇಲಾಖೆಯ ಸಾಮರ್ಥ್ಯವನ್ನು ಅಳೆಯುವುದು ಎಷ್ಟು ಕಡಿಮೆ ಬೆಲೆಗೆ ಕೊಂಡಿತು ಎಂಬುದರಿಂದ. ಮಳೆಗಾಲ ಶುರುವಾಗಿದೆ, ಸರಿಯಾಗಿ ಒಣಗದ ಕೊಬ್ಬರಿ ಕಿಲೋಗೆ 3 ರೂಪಾಯಿ ಅಗ್ಗವಾಗಿ ಸಿಕ್ಕಿತು. ಖರೀದಿಯವರು 1,000 ಕಿಲೋ ಕೊಂಡು 3,000 ರೂಪಾಯಿ ಉಳಿಸಿದರು. ಅವರ ವರದಿಯಲ್ಲಿ ಇದು ಒಳ್ಳೆಯ ತಿಂಗಳು.

ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ನೀರಿನ ಅಂಶ ನೂರಕ್ಕೆ ಸುಮಾರು 6 ಇರುತ್ತದೆ. ಈಗ ಬಂದದ್ದರಲ್ಲಿ 10 ಇದೆ. ಎಂದರೆ ಸಾವಿರ ಕಿಲೋದಲ್ಲಿ ಗಾಣಕ್ಕೆ ದಕ್ಕುವ ಒಣ ಪದಾರ್ಥ 940 ಕಿಲೋ ಇರಬೇಕಾದಲ್ಲಿ 900 ಮಾತ್ರ ಇದೆ. ಒಣ ಕೊಬ್ಬರಿಯ ಸಾವಿರ ಕಿಲೋದಿಂದ 620 ಕಿಲೋ ಎಣ್ಣೆ ಬರುತ್ತಿತ್ತು ಎಂದುಕೊಂಡರೆ ಇದರಿಂದ ಬರುವುದು ಸುಮಾರು 594 ಕಿಲೋ. ಎಣ್ಣೆಯ ಬೆಲೆ ಕಿಲೋಗೆ 200 ರೂಪಾಯಿ ಎಂದಿಟ್ಟುಕೊಂಡರೂ 26 ಕಿಲೋ ಕೊರತೆಗೆ 5,200 ರೂಪಾಯಿ ಹೋಯಿತು. ಖರೀದಿಯವರು ಉಳಿಸಿದ 3,000ವನ್ನು ಕಳೆದರೆ ಸಂಸ್ಥೆಗೆ 2,200 ರೂಪಾಯಿ ನಷ್ಟ. ಬೂಷ್ಟು ಹಿಡಿದ ಕೊಬ್ಬರಿಯ ಎಣ್ಣೆ ಬೇಗ ಕಮಟು ವಾಸನೆ ಹಿಡಿದು, ಅಂಗಡಿಯವರು ಡಬ್ಬಿ ಹಿಂದೆ ಕಳುಹಿಸಿದರೆ ಅದು ಬೇರೆ.

ಈಗ ಈ 2,200 ರೂಪಾಯಿ ಯಾರ ವರದಿಯಲ್ಲಿ ಕಾಣುತ್ತದೆ? ಖರೀದಿಯಲ್ಲಿ ಇಲ್ಲ. ಉತ್ಪಾದನೆಯ ವರದಿಯಲ್ಲಿ "ಇಳುವರಿ ಕಡಿಮೆ" ಎಂದು ಕಾಣುತ್ತದೆ, ಬೈಗುಳ ಗಾಣದವರಿಗೆ ಬೀಳುತ್ತದೆ. ಎಣ್ಣೆ ಎಂಬ ಸರಕಿಗೆ ತಲೆಯಿಂದ ಕಾಲಿನವರೆಗೆ ಉತ್ತರ ಕೊಡುವವರು ಯಜಮಾನರನ್ನು ಬಿಟ್ಟರೆ ಯಾರೂ ಇಲ್ಲ. ಕಾರ್ಯಾತ್ಮಕ ರಚನೆಯ ಬೆಲೆ ಇದು: ಇಲಾಖೆಯೊಳಗೆ ಹೊಂದಾಣಿಕೆ ಸುಲಭ, ಇಲಾಖೆಗಳ ನಡುವೆ ಕಷ್ಟ.

## ಲೆಕ್ಕ ಬೇಡುವ ಪ್ರಶ್ನೆಗಳು

"ಎಣ್ಣೆಗೆ ಬೇರೆ, ತಟ್ಟೆಗೆ ಬೇರೆ ವಿಭಾಗ ಮಾಡಿಬಿಟ್ಟರೆ ಈ ತೊಂದರೆ ತೀರುವುದಿಲ್ಲವೇ?"

ಆ ತೊಂದರೆ ತೀರುತ್ತದೆ. ಎಣ್ಣೆ ವಿಭಾಗದ ಮುಖ್ಯಸ್ಥೆಯ ಕೈಯಲ್ಲೇ ಖರೀದಿ, ಗಾಣ, ಮಾರಾಟ ಮೂರೂ ಇದ್ದರೆ ಅವರು ಹಸಿ ಕೊಬ್ಬರಿಯ ಮೂರು ರೂಪಾಯಿಗೆ ಮರುಳಾಗುವುದಿಲ್ಲ, ಏಕೆಂದರೆ 2,200ರ ನಷ್ಟವೂ ಅವರದೇ. ಓಣಂ ಹತ್ತಿರ ಬಂದಾಗ ಎಣ್ಣೆಗೆ ಬೇಡಿಕೆ ಏರುತ್ತದೆ ಎಂದು ಎರಡು ತಿಂಗಳು ಮೊದಲೇ ಕೊಬ್ಬರಿ ಕೂಡಿಡಲು ಅವರು ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ತಟ್ಟೆ ವಿಭಾಗದವರ ಪಂಚಾಂಗವೇ ಬೇರೆ. ಬೇಸಿಗೆಯಲ್ಲಿ ಒಣ ಹಾಳೆ ಹೆಕ್ಕಿ, ಮಳೆ ಹಿಡಿಯುವ ಮೊದಲು ದಾಸ್ತಾನು ಮಾಡದಿದ್ದರೆ ಹಾಳೆಗೆ ಬೂಷ್ಟು ಬರುತ್ತದೆ. ಎರಡು ಪಂಚಾಂಗಗಳನ್ನು ಒಬ್ಬನೇ ಖರೀದಿ ಮುಖ್ಯಸ್ಥ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಎಷ್ಟು ಕಷ್ಟ ಎಂದು ಯೋಚಿಸಿ.

ಆದರೆ ಹೊಸ ಖರ್ಚು ಹುಟ್ಟಿಕೊಳ್ಳುತ್ತದೆ. ಪೆರ್ಲದ ಒಂದೇ ತೋಟಕ್ಕೆ ಬೆಳಿಗ್ಗೆ ಹಾಳೆ ತರಲು ಒಂದು ಟೆಂಪೊ, ಮಧ್ಯಾಹ್ನ ಕೊಬ್ಬರಿ ತರಲು ಇನ್ನೊಂದು ಟೆಂಪೊ ಹೋಗುತ್ತದೆ, ಎರಡೂ ಅರ್ಧ ತುಂಬಿ ಮರಳುತ್ತವೆ. ಇಬ್ಬರು ಮೆಕ್ಯಾನಿಕ್ಕರು ಬೇಕು, ಇಬ್ಬರು ಲೆಕ್ಕಿಗರು ಬೇಕು. ಅದಕ್ಕಿಂತ ಮೆಲ್ಲಗೆ ಆಗುವ ಹಾನಿ ಇನ್ನೊಂದಿದೆ. ಕೊಬ್ಬರಿ ನೋಡಿ ಹೇಳುತ್ತಿದ್ದ ಮೂವರು ಈಗ ಎರಡು ಕಡೆ ಹಂಚಿಹೋದರು, ಒಬ್ಬರಿಂದ ಒಬ್ಬರು ಕಲಿಯುವುದು ನಿಂತಿತು. ಈ ಹಾನಿ ಮೊದಲ ವರ್ಷದ ಲೆಕ್ಕದಲ್ಲಿ ಕಾಣುವುದೇ ಇಲ್ಲ, ಮೂರನೆಯ ವರ್ಷ ಅನುಭವಸ್ಥರು ನಿವೃತ್ತರಾದಾಗ ಗೊತ್ತಾಗುತ್ತದೆ.

"ಲೆಕ್ಕಿಗರು ತಟ್ಟೆ ವಿಭಾಗ ನಷ್ಟದಲ್ಲಿದೆ ಎನ್ನುತ್ತಾರೆ, ಅದರ ಮುಖ್ಯಸ್ಥರು ಲಾಭದಲ್ಲಿದೆ ಎನ್ನುತ್ತಾರೆ. ಯಾರು ಸರಿ?"

ಇಬ್ಬರೂ ಸರಿ ಇರಬಹುದು. ವಿಭಾಗೀಯ ರಚನೆ ಲಾಭನಷ್ಟವನ್ನು ಸ್ಪಷ್ಟಗೊಳಿಸುತ್ತದೆ ಎಂದು ಪಠ್ಯದಲ್ಲಿ ಬರೆದಿರುತ್ತದೆ, ಅದು ಅರ್ಧ ಮಾತ್ರ ನಿಜ. ಕಟ್ಟಡದ ಬಾಡಿಗೆ, ಕಾವಲುಗಾರರ ಸಂಬಳ, ಬ್ಯಾಂಕಿನ ಬಡ್ಡಿ ಇವು ಎರಡೂ ವಿಭಾಗಗಳಿಗೆ ಸೇರಿದ ಖರ್ಚುಗಳು. ತಿಂಗಳಿಗೆ ಒಂದು ಲಕ್ಷ ರೂಪಾಯಿ ಎನ್ನೋಣ. ಎಣ್ಣೆ ವಿಭಾಗದ ಮಾರಾಟ 15 ಲಕ್ಷ, ತನ್ನ ನೇರ ಖರ್ಚು ಕಳೆದು ಉಳಿಯುವುದು 1,00,000. ತಟ್ಟೆ ವಿಭಾಗದ ಮಾರಾಟ 5 ಲಕ್ಷ, ಉಳಿಯುವುದು 60,000.

ಸಾಮಾನ್ಯ ಖರ್ಚನ್ನು ಮಾರಾಟದ ಪ್ರಮಾಣದಲ್ಲಿ ಹಂಚಿದರೆ ಎಣ್ಣೆಗೆ 75,000, ತಟ್ಟೆಗೆ 25,000. ಎಣ್ಣೆಯ ಲಾಭ 25,000, ತಟ್ಟೆಯ ಲಾಭ 35,000. ಅದನ್ನೇ ಕೆಲಸಗಾರರ ಸಂಖ್ಯೆಯ ಪ್ರಮಾಣದಲ್ಲಿ, ಎಂದರೆ 15ಕ್ಕೆ 45ರಂತೆ ಹಂಚಿದರೆ ಎಣ್ಣೆಗೆ 25,000, ತಟ್ಟೆಗೆ 75,000. ಈಗ ಎಣ್ಣೆಯ ಲಾಭ 75,000, ತಟ್ಟೆಗೆ 15,000 ನಷ್ಟ! ಸಂಸ್ಥೆಯ ಒಟ್ಟು ಲಾಭ ಎರಡರಲ್ಲೂ 60,000ವೇ. ಒಂದು ಹಾಳೆಯೂ ಹೆಚ್ಚು ಒತ್ತಲಿಲ್ಲ, ಒಂದು ತೊಟ್ಟು ಎಣ್ಣೆಯೂ ಕಡಿಮೆಯಾಗಲಿಲ್ಲ.

ಎರಡನೆಯ ಲೆಕ್ಕವನ್ನು ನಂಬಿ ತಟ್ಟೆ ಘಟಕವನ್ನು ಮುಚ್ಚಿದರೆ ಏನಾಗುತ್ತದೆ? ಬಾಡಿಗೆ ಮತ್ತು ಕಾವಲಿನ ಖರ್ಚು ಹಾಗೆಯೇ ಉಳಿಯುತ್ತದೆ, ತಟ್ಟೆಯಿಂದ ಬರುತ್ತಿದ್ದ 60,000 ನಿಲ್ಲುತ್ತದೆ, ಸಂಸ್ಥೆಯ ಲಾಭ ಸೊನ್ನೆಗೆ ಇಳಿಯುತ್ತದೆ. ಆದ್ದರಿಂದ ವಿಭಾಗದ ಮುಖ್ಯಸ್ಥರನ್ನು ಅಳೆಯುವಾಗ ಅವರ ಕೈಯಲ್ಲಿರುವ ನೇರ ಖರ್ಚು ಕಳೆದು ಉಳಿದ ಮೊತ್ತವನ್ನು ನೋಡಬೇಕು, ಹಂಚಿಕೆಯ ನಂತರದ ಮೊತ್ತವನ್ನಲ್ಲ. ವಿಭಾಗೀಯ ರಚನೆಯಲ್ಲಿ ಜಗಳ ಮಾಯವಾಗುವುದಿಲ್ಲ, ಖರೀದಿ ಮತ್ತು ಗಾಣದ ನಡುವಿನಿಂದ ಎದ್ದು ಈ ಹಂಚಿಕೆಯ ಪಟ್ಟಿಯ ಮೇಲೆ ಬಂದು ಕೂರುತ್ತದೆ.

"ವಿಭಾಗೀಯ ರಚನೆಯನ್ನು ಮೊದಲು ಮಾಡಿದವರು ಯಾರು? ಪರೀಕ್ಷೆಗೆ ಒಂದು ಉದಾಹರಣೆ ಬೇಕು."

ಅಮೆರಿಕದ ಡ್ಯೂಪಾಂಟ್ ಕಂಪನಿಯನ್ನು ಬರೆಯಿರಿ. ಸಿಡಿಮದ್ದು ಮಾಡುತ್ತಿದ್ದ ಆ ಕಂಪನಿ ಮೊದಲ ಮಹಾಯುದ್ಧದ ಹೊತ್ತಿಗೆ ಬಣ್ಣ, ರಾಸಾಯನಿಕಗಳ ವ್ಯಾಪಾರಕ್ಕೂ ಇಳಿಯಿತು. ಇಲಾಖೆಗಳು ಹಳೆಯವೇ ಉಳಿದವು. ಗೋಡೆಗೆ ಬಳಿಯುವ ಬಣ್ಣವನ್ನು ಸಣ್ಣ ಅಂಗಡಿಗಳಿಗೆ ಮಾರುವುದು, ಸಿಡಿಮದ್ದನ್ನು ದೊಡ್ಡ ಗಿರಾಕಿಗಳಿಗೆ ಮಾರುವುದು ಒಂದೇ ಮಾರಾಟ ಇಲಾಖೆಯ ಹೊಣೆಯಾಗಿತ್ತು. ಬೇರೆ ಬಣ್ಣದ ಕಂಪನಿಗಳು ಲಾಭ ಮಾಡುತ್ತಿದ್ದಾಗ ಇವರ ಬಣ್ಣದ ವ್ಯಾಪಾರ ನಷ್ಟದಲ್ಲಿತ್ತು, ಆ ನಷ್ಟಕ್ಕೆ ಹೊಣೆ ಹೊರುವ ಒಬ್ಬ ಮನುಷ್ಯ ಇರಲಿಲ್ಲ. 1921ರಲ್ಲಿ ಕಂಪನಿ ಸರಕಿಗೊಂದು ವಿಭಾಗ ಮಾಡಿತು. ಅದೇ ದಶಕದಲ್ಲಿ ಆಲ್ಫ್ರೆಡ್ ಸ್ಲೋನ್ ಜನರಲ್ ಮೋಟರ್ಸ್‌ನಲ್ಲಿ ಶೆವ್ರೊಲೆಯಿಂದ ಕ್ಯಾಡಿಲಾಕ್ ತನಕ ಕಾರಿಗೊಂದು ವಿಭಾಗವಿಟ್ಟು, ಹಣಕಾಸಿನ ಹಿಡಿತವನ್ನು ಕೇಂದ್ರದಲ್ಲಿ ಇರಿಸಿಕೊಂಡರು.

"ಕಂಪನಿ ದೊಡ್ಡದಾದರೆ ವಿಭಾಗೀಯ ರಚನೆ ಕಡ್ಡಾಯವೇ?"

ಇಲ್ಲ. 1997ರಲ್ಲಿ ಸ್ಟೀವ್ ಜಾಬ್ಸ್ ಆಪಲ್‌ಗೆ ಮರಳಿದಾಗ ಅಲ್ಲಿ ಸರಕುವಾರು ಘಟಕಗಳಿದ್ದವು. ಅವನ್ನು ತೆಗೆದು ಇಡೀ ಕಂಪನಿಗೆ ಒಂದೇ ಲಾಭನಷ್ಟದ ಲೆಕ್ಕ, ವಿನ್ಯಾಸ, ಇಂಜಿನಿಯರಿಂಗ್, ಮಾರಾಟ ಎಂಬಂತಹ ಇಲಾಖೆಗಳು ಎಂದು ಮಾಡಿದರು. ಅವರ ಸರಕುಗಳು ಕೆಲವೇ, ಒಂದಕ್ಕೊಂದು ಹೆಣೆದುಕೊಂಡವು, ತಾಂತ್ರಿಕ ಆಳವೇ ಅವರ ಬಂಡವಾಳ. ಗಾತ್ರಕ್ಕಿಂತ ಸರಕುಗಳು ಒಂದಕ್ಕೊಂದು ಎಷ್ಟು ಬೇರೆ ಎಂಬುದನ್ನು ನೋಡಿ.

## ಮ್ಯಾಟ್ರಿಕ್ಸ್ ಕುರಿತ ಪ್ರಶ್ನೆಗಳು

"ಒಬ್ಬನಿಗೆ ಒಬ್ಬನೇ ಮೇಲಧಿಕಾರಿ ಎಂದು ಮೊದಲ ಅಧ್ಯಾಯದಲ್ಲಿ ಕಲಿಸಿದಿರಿ. ಮ್ಯಾಟ್ರಿಕ್ಸ್‌ನಲ್ಲಿ ಇಬ್ಬರು ಎನ್ನುತ್ತೀರಿ. ಯಾವುದು ಸರಿ?"

ಒಬ್ಬನಿಗೆ ಒಬ್ಬನೇ ಮೇಲಧಿಕಾರಿ ಎಂಬ ಈ ಮಾತಿಗೆ ಆದೇಶದ ಏಕತೆ ಎನ್ನುತ್ತಾರೆ, ಅದು ಫ್ರಾನ್ಸಿನ ಹೆನ್ರಿ ಫಯೋಲ್ 1916ರಲ್ಲಿ ಮಂಡಿಸಿದ ಆಡಳಿತ ತತ್ತ್ವಗಳಲ್ಲಿ ಒಂದು. ಮ್ಯಾಟ್ರಿಕ್ಸ್ ಅದನ್ನು ತಿಳಿದೇ ಮುರಿಯುತ್ತದೆ. ಮುರಿಯುವುದಕ್ಕೆ ಕಾರಣ ಬಲವಾಗಿರಬೇಕು.

ನಮ್ಮ ತಟ್ಟೆಗೆ ವಿದೇಶದಿಂದ ಬೇಡಿಕೆ ಬಂತು ಎನ್ನಿ. ಆಹಾರ ಬಡಿಸುವ ತಟ್ಟೆಯಾದ್ದರಿಂದ ತೇವಾಂಶ, ಬೂಷ್ಟು ಎಲ್ಲವನ್ನೂ ಪರೀಕ್ಷಿಸಿ ದಾಖಲೆ ಕೊಡಬೇಕು. ಎಣ್ಣೆಗೂ ಪ್ರಯೋಗಾಲಯದ ಕೆಲಸ ಬೇಕು. ಗುಣಮಟ್ಟ ಪರೀಕ್ಷೆ ಬಲ್ಲವಳು ಒಬ್ಬಳೇ, ಎರಡನೆಯವಳನ್ನು ನೇಮಿಸಲು ಹಣವಿಲ್ಲ, ನೇಮಿಸಿದರೂ ಅರ್ಧ ದಿನಕ್ಕೆ ಕೆಲಸವಿಲ್ಲ. ಅವಳನ್ನು ಕೇಂದ್ರದ ಇಲಾಖೆಯಲ್ಲಿ ಇಟ್ಟರೆ ತಟ್ಟೆಯ ಗಡುವು ಅವಳ ಕಿವಿಗೆ ತಲುಪುವುದಿಲ್ಲ. ತಟ್ಟೆ ವಿಭಾಗಕ್ಕೆ ಪೂರ್ತಿ ಕೊಟ್ಟರೆ ಗಡುವಿನ ಒತ್ತಡಕ್ಕೆ ಪರೀಕ್ಷೆ ಸಡಿಲವಾಗುವ ಭಯವಿದೆ, ಎಣ್ಣೆಯವರಿಗೆ ಅವಳು ಸಿಗುವುದೂ ಇಲ್ಲ. ಎರಡು ಒತ್ತಡಗಳೂ ಸಮನಾಗಿ ಮುಖ್ಯ, ಬಲ್ಲವರು ಮಾತ್ರ ವಿರಳ. ಹೀಗಿದ್ದಾಗ ಅವಳು ಗುಣಮಟ್ಟದ ಮುಖ್ಯಸ್ಥರಿಗೂ ಸರಕಿನ ಮುಖ್ಯಸ್ಥರಿಗೂ ಉತ್ತರ ಕೊಡುವಂತೆ ಮಾಡುವುದು ನ್ಯಾಯ. ಈ ಎರಡರಲ್ಲಿ ಒಂದು ಒತ್ತಡ ಸ್ಪಷ್ಟವಾಗಿ ಹೆಚ್ಚಿದ್ದರೆ ಮ್ಯಾಟ್ರಿಕ್ಸ್ ಬೇಡವೇ ಬೇಡ.

"ಇದನ್ನು ನಮ್ಮ ಊರಿನಲ್ಲಿ ಎಲ್ಲಾದರೂ ನೋಡಬಹುದೇ?"

ಕಾಸರಗೋಡು ರೈಲು ನಿಲ್ದಾಣಕ್ಕೆ ಹೋಗಿ. ಅದು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದೆ, ವಲಯದ ಕೇಂದ್ರ ಕಚೇರಿ ಚೆನ್ನೈಯಲ್ಲಿದೆ. ಹಳಿಯ ಹೊಣೆ ಹೊತ್ತ ವಿಭಾಗದ ಇಂಜಿನಿಯರ್ ದಿನದಿನದ ಆಡಳಿತದಲ್ಲಿ ಪಾಲಕ್ಕಾಡಿನ ವಿಭಾಗೀಯ ರೈಲ್ವೆ ವ್ಯವಸ್ಥಾಪಕರ ಕೈಕೆಳಗೆ ಇರುತ್ತಾರೆ. ಆದರೆ ಹಳಿಯ ತಾಂತ್ರಿಕ ಮಾನದಂಡ, ತಪಾಸಣೆ ಇವೆಲ್ಲ ವಲಯದ ಪ್ರಧಾನ ಮುಖ್ಯ ಇಂಜಿನಿಯರರಿಂದ ಬರುತ್ತವೆ. ರೈಲು ಸಮಯಕ್ಕೆ ಓಡಲಿ ಎಂಬುದು ಒಂದು ಕಡೆಯ ಒತ್ತಡ, ಹಳಿಯ ಕೆಲಸಕ್ಕೆ ರೈಲು ನಿಲ್ಲಿಸಿ ಸಮಯ ಕೊಡಿ ಎಂಬುದು ಇನ್ನೊಂದು ಕಡೆಯದು. ಹೆಸರಿಗೆ ಮ್ಯಾಟ್ರಿಕ್ಸ್ ಎನ್ನದಿದ್ದರೂ ಒಳಗಿನ ಹೆಣಿಗೆ ಅದೇ.

ಇಲಾಖೆಗಳ ಪಕ್ಷಪಾತ ಹೆಚ್ಚಾಯಿತು ಎಂಬ ಕಾರಣಕ್ಕೆ 2019ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟವು ರೈಲ್ವೆ ಅಧಿಕಾರಿಗಳ ಎಂಟು ಸೇವೆಗಳನ್ನು ಒಂದಾಗಿಸಲು ಒಪ್ಪಿತು. 2024ರಲ್ಲಿ ತಾಂತ್ರಿಕ ಹುದ್ದೆಗಳಿಗೆ ಮತ್ತೆ ಇಂಜಿನಿಯರಿಂಗ್ ಸೇವಾ ಪರೀಕ್ಷೆಯ ಮೂಲಕ ನೇಮಕ ಮಾಡುವ ದಾರಿ ತೆರೆಯಲಾಯಿತು. ಒಂದೇ ಸಂಸ್ಥೆಯೊಳಗೆ ಎರಡು ಬೇಡಿಕೆಗಳು ಹೇಗೆ ಎಳೆದಾಡುತ್ತವೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ನಮಗೆ ಸಿಗದು.

"ನಾನು ಮೆಕ್ಯಾನಿಕ್. ಎಣ್ಣೆಯವರೂ ತಟ್ಟೆಯವರೂ ಒಂದೇ ಗಳಿಗೆಗೆ ಕರೆಯುತ್ತಾರೆ. ಯಾರ ಕಡೆ ಹೋಗಲಿ?"

ಈ ಪತ್ರ ಬರೆದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಬೇರೊಂದು ಊರಿನ ಕಾರ್ಖಾನೆಯಲ್ಲಿದ್ದಾನೆ. ಸರಕುಗಳ ಹೆಸರನ್ನು ನಮ್ಮ ಉದಾಹರಣೆಗೆ ಹೊಂದುವಂತೆ ಬದಲಿಸಿದ್ದೇನೆ. ಅವನಿಗೆ ನಾನು ಬರೆದ ಉತ್ತರ ಇದು: ಆ ನಿರ್ಧಾರ ನಿನ್ನದಾಗಬಾರದು. ಅದು ನಿನ್ನ ಮೇಲೆ ಬಿದ್ದಿದೆ ಎಂದರೆ ನಿನ್ನ ಮೇಲಿನವರು ತಮ್ಮ ಕೆಲಸ ಮುಗಿಸಿಲ್ಲ.

ಓಣಂಗೆ ವಾರ ಮೊದಲು ಗಾಣದ ಬೇರಿಂಗ್ ಕಾದಿದೆ, ಅದೇ ಬೆಳಿಗ್ಗೆ ತಟ್ಟೆ ಒತ್ತುವ ಎರಡು ಅಚ್ಚುಗಳು ಬಿಸಿಯಾಗುತ್ತಿಲ್ಲ, ತಟ್ಟೆಯ ಪೆಟ್ಟಿಗೆಗಳು ನಾಲ್ಕು ದಿನದಲ್ಲಿ ಬಂದರಿಗೆ ಹೊರಡಬೇಕು. ಇಬ್ಬರು ಮುಖ್ಯಸ್ಥರೂ ಸುಳ್ಳು ಹೇಳುತ್ತಿಲ್ಲ. ಇಂತಹ ದಿನಕ್ಕೆ ಮೊದಲೇ ಕೆಲವನ್ನು ಬರೆದಿಟ್ಟಿರಬೇಕು. ಏನು ಬೇಕು, ಯಾವಾಗ ಬೇಕು ಎಂಬುದನ್ನು ಸರಕಿನ ಮುಖ್ಯಸ್ಥರು ಹೇಳುತ್ತಾರೆ. ಯಾರನ್ನು ಕಳುಹಿಸುವುದು, ಹೇಗೆ ರಿಪೇರಿ ಮಾಡುವುದು ಎಂಬುದನ್ನು ನಿರ್ವಹಣೆಯ ಮುಖ್ಯಸ್ಥರು ಹೇಳುತ್ತಾರೆ. ಇಬ್ಬರಿಗೂ ಒಂದೇ ಹೊತ್ತಿಗೆ ಬೇಕಾದರೆ ತಿಂಗಳ ಮೊದಲ ದಿನ ಮೂವರೂ ಕುಳಿತು ಮಾಡಿದ ಆದ್ಯತೆಯ ಪಟ್ಟಿ ನೋಡಬೇಕು. ಆ ಪಟ್ಟಿಯಲ್ಲಿ ಉತ್ತರವಿಲ್ಲದಿದ್ದರೆ ಇಬ್ಬರು ಮುಖ್ಯಸ್ಥರೂ ಒಟ್ಟಿಗೆ, ಒಂದು ಗಂಟೆಯೊಳಗೆ, ಯಜಮಾನರ ಹತ್ತಿರ ಹೋಗಬೇಕು. ಒಟ್ಟಿಗೆ ಎಂಬ ಮಾತು ಮುಖ್ಯ, ಏಕೆಂದರೆ ಬೇರೆ ಬೇರೆಯಾಗಿ ಹೋದವರು ಬೇರೆ ಬೇರೆ ಕಥೆ ಹೇಳಿ ಬರುತ್ತಾರೆ.

ಇಲ್ಲಿ ಉತ್ತರ ಹೀಗೆ ಬರಬಹುದು: ಗಾಣದಲ್ಲಿ ಈಗಾಗಲೇ ಐದು ದಿನದ ಎಣ್ಣೆ ಡಬ್ಬಿಗಳಲ್ಲಿ ತುಂಬಿದೆ, ಆದ್ದರಿಂದ ಅಚ್ಚು ಮೊದಲು. ದಾಸ್ತಾನಿನ ಈ ಸಂಗತಿ ಎಣ್ಣೆಯ ಮುಖ್ಯಸ್ಥೆಗೆ ಗೊತ್ತು, ಮೆಕ್ಯಾನಿಕ್‌ಗೆ ಗೊತ್ತಿರಲು ಸಾಧ್ಯವಿಲ್ಲ. ಅವನ ಮೇಲೆ ನಿರ್ಧಾರ ಹಾಕಬಾರದು ಎನ್ನುವುದು ಇದಕ್ಕೇ.

ವ್ಯವಸ್ಥೆ ಕೆಡುತ್ತಿದೆ ಎಂದು ಹೇಗೆ ತಿಳಿಯುವುದು? ಯಜಮಾನರ ತನಕ ಬಂದ ಜಗಳಗಳನ್ನು ತಿಂಗಳು ತಿಂಗಳೂ ಎಣಿಸಿ. ಮೊದಲ ಮೂರು ತಿಂಗಳು ಹೆಚ್ಚಿರುವುದು ಸಹಜ, ಆರನೆಯ ತಿಂಗಳಲ್ಲೂ ಇಳಿಯದಿದ್ದರೆ ಪಟ್ಟಿ ಸರಿಯಿಲ್ಲ. ಒಂದೂ ಬರುತ್ತಿಲ್ಲ ಎಂದರೂ ಸಂತೋಷಪಡಬೇಡಿ. ಗಟ್ಟಿಯಾಗಿ ಕೂಗುವವರ ಕೆಲಸ ಮೊದಲು ಆಗುತ್ತಿದೆಯೇ ಎಂದು ಕೆಳಗಿನವರನ್ನು ಕೇಳಿ ನೋಡಿ. ಇನ್ನೊಂದು ಗುರುತು ವಾರ್ಷಿಕ ಮೌಲ್ಯಮಾಪನ. ಒಬ್ಬರೇ ಸಹಿ ಹಾಕುತ್ತಿದ್ದರೆ ಆ ನೌಕರನಿಗೆ ನಿಜವಾದ ಮೇಲಧಿಕಾರಿ ಒಬ್ಬರೇ, ಮ್ಯಾಟ್ರಿಕ್ಸ್ ಇರುವುದು ಕಾಗದದಲ್ಲಿ ಮಾತ್ರ.

"ಎಬಿಬಿ ಕಂಪನಿ ಮ್ಯಾಟ್ರಿಕ್ಸ್‌ಗೆ ಹೆಸರಾಗಿತ್ತು. ಮತ್ತೆ ಯಾಕೆ ಬಿಟ್ಟಿತು?"

ವಿದ್ಯುತ್ ಯಂತ್ರೋಪಕರಣ ಮಾಡುತ್ತಿದ್ದ ಸ್ವೀಡನ್ನಿನ ಆಸಿಯ ಮತ್ತು ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೆರಿ ಸೇರಿ 1988ರಲ್ಲಿ ಎಬಿಬಿ ಆಯಿತು. ಅದರ ಮುಖ್ಯಸ್ಥ ಪರ್ಸಿ ಬಾರ್ನೆವಿಕ್ ಅದನ್ನು ದೇಶ ಒಂದು ಕಡೆ, ಸರಕು ಇನ್ನೊಂದು ಕಡೆ ಎಂಬ ಮ್ಯಾಟ್ರಿಕ್ಸ್ ಆಗಿ ಕಟ್ಟಿದರು. ಒಳಗೆ ಸುಮಾರು 1,300 ಕಂಪನಿಗಳು, ತಮ್ಮದೇ ಲಾಭನಷ್ಟದ ಲೆಕ್ಕವಿರುವ ಸುಮಾರು 5,000 ಲಾಭಕೇಂದ್ರಗಳು. ಪ್ರತಿ ದೇಶದ ಸ್ಥಳೀಯ ಸಂಬಂಧಗಳು ಮುಖ್ಯವಾಗಿದ್ದಾಗ ಅದು ನಡೆಯಿತು. ಗಿರಾಕಿಗಳೇ ಜಗತ್ತಿನಾದ್ಯಂತ ಹರಡಿಕೊಂಡು ಒಂದೇ ಬೆಲೆ, ಒಂದೇ ವಿನ್ಯಾಸ ಕೇಳತೊಡಗಿದಾಗ ಸರಕಿನ ಕಡೆಯ ಒತ್ತಡ ಮೇಲಾಯಿತು. ಅವರ ನಂತರ ಬಂದ ಗೊರಾನ್ ಲಿಂಡಾಲ್ 1998ರಲ್ಲಿ ಮ್ಯಾಟ್ರಿಕ್ಸನ್ನು ಕಳಚಿ ಸರಕಿನ ವಿಭಾಗಗಳಿಗೆ ಅಧಿಕಾರ ಕೊಟ್ಟರು. ಎರಡು ಒತ್ತಡಗಳು ಸಮನಾಗಿರುವ ತನಕವೇ ಮ್ಯಾಟ್ರಿಕ್ಸ್‌ಗೆ ಆಯುಸ್ಸು.

"ನನ್ನ ಘಟಕದಲ್ಲಿ 18 ಜನ ಇದ್ದಾರೆ ಮೇಷ್ಟ್ರೇ. ಈಗ ಎರಡನೆಯ ಸರಕು ಶುರು ಮಾಡುತ್ತಿದ್ದೇನೆ. ಏನು ಮಾಡಲಿ?"

ಜನರನ್ನು ಈಗಲೇ ಒಡೆಯಬೇಡಿ. ಮೊದಲು ಲೆಕ್ಕದ ಪುಸ್ತಕವನ್ನು ಒಡೆಯಿರಿ. ಪ್ರತಿ ಬಿಲ್ಲಿನ ಮೇಲೆ ಅದು ಹಳೆಯ ಸರಕಿನದೋ, ಹೊಸದರದೋ, ಎರಡಕ್ಕೂ ಸೇರಿದ್ದೋ ಎಂದು ಗುರುತು ಹಾಕಲು ನಿಮ್ಮ ಲೆಕ್ಕಿಗನಿಗೆ ಹೇಳಿ. ಒಂದು ಮಳೆಗಾಲ, ಒಂದು ಬೇಸಿಗೆ ಹೀಗೆ ನಡೆಯಲಿ. ವರ್ಷದ ಕೊನೆಗೆ ಎರಡಕ್ಕೂ ಸೇರಿದ ಖರ್ಚು ದೊಡ್ಡದಾಗಿದ್ದರೆ ಇಲಾಖೆಗಳನ್ನು ಹಾಗೆಯೇ ಇಟ್ಟುಕೊಳ್ಳಿ, ಹೊಸ ಸರಕಿನ ಹಿಂದೆ ಬಿದ್ದು ಓಡಾಡಲು ಒಬ್ಬರನ್ನು ಮಾತ್ರ ಗೊತ್ತು ಮಾಡಿ. ಅದು ಚಿಕ್ಕದಾಗಿದ್ದು, ಎರಡು ಸರಕುಗಳ ಗಿರಾಕಿಗಳೂ ಹಂಗಾಮುಗಳೂ ಬೇರೆಯಾಗಿದ್ದರೆ ಆಗ ಒಡೆಯಿರಿ. ಆಗಲೂ ಖರೀದಿಯವರನ್ನು ಕೊನೆಗೆ ಒಡೆಯಿರಿ, ಮಾರಾಟದವರನ್ನು ಮೊದಲು. ಮಾರಾಟದವರಿಗೆ ಗಿರಾಕಿ ಬೇರೆ ಬೇರೆ, ಖರೀದಿಯವರಿಗೆ ತೋಟ ಒಂದೇ.